ಬಾಚಿಗೆ ನಾಲ್ಕು ನಮಸ್ಕಾರ

ಅಕ್ಕಿಹೆಬ್ಬಾಳಿನ ಬಡಗಿ ಲಕ್ಷ್ಮಣ ಮರ ಕೆತ್ತಲು ಬೀಸಿದ ಬಾಚಿ ಅವತ್ತು ಮಗಳ ಬೆರಳು ಕೊಚ್ಚಿಹಾಕುವುದು ಕೂದಲೆಳೆಯಲ್ಲಿ ತಪ್ಪಿತು. ಹತ್ತು ವರ್ಷದ ಕೀರ್ತನ, ಇಳಿಯುತ್ತಿದ್ದ ಅಲಗಿನ ಕೆಳಗೇ ಕೈ ಚಾಚಿದ್ದಳು, ಮುಟ್ಟಿ ಕಣ್ಣಿಗೊತ್ತಿಕೊಳ್ಳಲು. ಲಕ್ಷ್ಮಣ ಬಾಚಿಯನ್ನು ಪಕ್ಕಕ್ಕೆಸೆದು ಅವಳ ಮುಖಕ್ಕೆ ಕೈಬೀಸಿ ಬಾರಿಸಿದ. ತುಟಿ ಸೀಳಿತು. ಹುಡುಗಿ ಅಳಲಿಲ್ಲ, ರಕ್ತ ಸುರಿಸಿಕೊಂಡೇ ತೆವಳಿ ಹೋಗಿ ಬಾಚಿಯನ್ನು ನಾಲ್ಕು ಸಲ ಮುಟ್ಟಿದಳು. ಲೆಕ್ಕ ತಪ್ಪಿತೆಂದು ಇನ್ನೂ ನಾಲ್ಕು ಸಲ.

ಕೆಲಸಕ್ಕೆ ಮುಂಚೆ ಹತಾರಕ್ಕೆ ಕೈಮುಗಿಯುವುದು ಆ ಮನೆಯ ಪದ್ಧತಿ. ವರ್ಷದಿಂದ ಇವಳು ಉಳಿ, ಗರಗಸ, ಬಾಚಿ ಎಲ್ಲವನ್ನೂ ನಾಲ್ಕು ನಾಲ್ಕು ಸಲ ಮುಟ್ಟುತ್ತಿದ್ದರೆ ಅಜ್ಜಿ ವೆಂಕಟಮ್ಮ ಬೀಗಿದ್ದೇ ಬೀಗಿದ್ದು. "ನಮ್ ಕುಲ್ದೋರ್ ಭಕ್ತಿ ಕಣ್ಲಾ ಇದು," ಅನ್ನುವಳು. ಲಕ್ಷ್ಮಣನೂ ಹಿಗ್ಗಿದ, ಮುಟ್ಟುತ್ತಾ ಕೂತು ಸ್ಕೂಲು ಬಸ್ಸು ತಪ್ಪಿದಾಗ ಮಾತ್ರ ಬೆಲ್ಟು ಬಿಚ್ಚಿದ. ಭಕ್ತಿಯಿಂದ ಕೈಮುಗಿಯುವ ಮಗು ಹೀಗೆ ಬೆವರಿ ನಡುಗುತ್ತದಾ? ಇಬ್ಬರ ತಲೆಗೂ ಹೊಳೆಯಲಿಲ್ಲ.

ನಾಗಮಂಗಲದ ಕಡೆಯ ಆಸ್ಪತ್ರೆಯಲ್ಲಿ ತುಟಿಗೆ ಹೊಲಿಗೆ ಹಾಕಿದವರು ಮಕ್ಕಳ ಮನೋವೈದ್ಯೆ ವೀಣ ಅವರ ಹತ್ತಿರ ಕಳಿಸಿದರು.

"ಮುಟ್ಟದಿದ್ರೆ ಏನಾಗುತ್ತೆ, ಪುಟ್ಟಿ?" ಎಂದು ಅವರು ಕೇಳಿದರು.

"ಅಪ್ಪನ್ ಕೈ ತುಂಡಾಗಿ ಬೀಳ್ತದೆ. ಬ್ಯಾಡ ಅಂದ್ರೂವೆ ಕಣ್ಮುಂದೆ ಬತ್ತದೆ."

ಲಕ್ಷ್ಮಣ ತನ್ನ ಕೈ ನೋಡಿಕೊಂಡ. ಯಾವ ಕೈ ಉಳಿಸಲು ಮಗು ಒದ್ದಾಡುತ್ತಿತ್ತೋ ಅದೇ ಕೈಯಿಂದ ಬಡಿದಿದ್ದ.

"ಇದು ಗೀಳು ಕಾಯಿಲೆ," ಅಂದರು ಡಾಕ್ಟರು. "ಮುಟ್ಟಿದ್ರೆ ಭಯ ಆಗಿನ ಮಟ್ಟಿಗೆ ಇಳಿಯುತ್ತೆ, ಅದಕ್ಕೇ ಮತ್ತೆ ಮತ್ತೆ ಮುಟ್ತಾಳೆ. ಅವಳು ಒಪ್ಪಿದಷ್ಟೇ, ಸಣ್ಣದರಿಂದ ಶುರು ಮಾಡೋಣ. ಭಯ ಬರಲಿ, ಮುಟ್ಟದೇ ಕೂರಲಿ. ಅದನ್ನ ತಡ್ಕೋಬಹುದು ಅಂತ ಅವಳೇ ಕಲೀಲಿ. ಹೊಡೀಬೇಡಿ. 'ಏನೂ ಆಗಲ್ಲ' ಅಂತ ಪದೇಪದೇ ಸಮಾಧಾನಾನೂ ಹೇಳ್ಬೇಡಿ, ಅದೂ ಮುಟ್ಟಿದ ಹಾಗೇ."

ವಾರವಾರ ಆಸ್ಪತ್ರೆ, ದಿನದಿನ ಮನೆಯಲ್ಲಿ ಅಭ್ಯಾಸ. ಮೊದಲು ಮೊಳೆ ಡಬ್ಬಿ ಮುಟ್ಟದೇ ಕೂರುವುದು, ಆಮೇಲೆ ಉಳಿ, ಗರಗಸ. ಭಯ ಎಷ್ಟೆಂದು ಹತ್ತಕ್ಕೆ ಅಂಕ ಅವಳೇ ಹೇಳಬೇಕು. ಒಂದೊಂದು ದಿನ ಕಿರುಚಿ ಕೂದಲು ಕಿತ್ತುಕೊಂಡಳು, ಅಪ್ಪನ ತೋಳಿಗೆ ಹಲ್ಲು ಊರಿದಳು. ಲಕ್ಷ್ಮಣ ಕೈ ಎತ್ತಲಿಲ್ಲ.

ಮೂರನೇ ತಿಂಗಳು ಬಾಚಿಯ ಸರದಿ ಬಂತು. ಲಕ್ಷ್ಮಣ ಮರ ಕೆತ್ತತೊಡಗಿದ, ಕೀರ್ತನ ಮುಟ್ಟದೇ ಎದುರು ಕೂತಳು.

"ನಿನ್ ಕೈ ಓಯ್ತದಾ ಅಪ್ಪ?"

"ಓದ್ರೂ ಓಗ್ಬೋದು. ಗೊತ್ತಿಲ್ಲ ಕಣವ್ವ." ಹೇಳುವಷ್ಟರಲ್ಲಿ ಅವನ ಕಣ್ಣು ಮಂಜಾಗಿತ್ತು. ಬಾಚಿ ಜಾರಿತು. ಎಡಗೈ ಹೆಬ್ಬೆರಳು ಸೀಳಿ ರಕ್ತ ಮರದ ಮೇಲೆಲ್ಲ ಚಿಮ್ಮಿತು.

"ಮುಟ್ಬುಡವ್ವ, ಬೇಗ ಮುಟ್ಬುಡು," ಎಂದು ವೆಂಕಟಮ್ಮ ಎದೆ ಬಡಿದುಕೊಂಡಳು.

ಕೀರ್ತನಳ ಕೈ ಬಾಚಿಯವರೆಗೂ ಹೋಯಿತು. ಅಲ್ಲೇ ನಿಂತಿತು.

"ಹತ್ತು," ಅಂದಳು, ಹಲ್ಲು ಕಚ್ಚಿ.

ಆಮೇಲೆ ಬಾಚಿಯನ್ನು ದಾಟಿ ಬಂದು, ಅಪ್ಪನ ಹೆಗಲ ಟವೆಲ್ಲು ಎಳೆದು, ಬೆರಳಿಗೆ ಬಿಗಿಯಾಗಿ ಸುತ್ತಿದಳು. ಒಂದೇ ಗಂಟು ಹಾಕಿದಳು.