ತುಂಬು ಗಬ್ಬದ ಹಸು

ಗಬ್ಬವೇ ಎಂದು ಕೇಳಿದೆನೋ, ಇಲ್ಲವೋ? ಕ್ಯಾತನಹಳ್ಳಿಯ ಮಂಚಮ್ಮನ ಕೊಟ್ಟಿಗೆಯಲ್ಲಿ ಸಿರಿಂಜು ಹಿಡಿದು ನಿಂತ ಪಶುವೈದ್ಯ ತಿಮ್ಮರಾಜುವಿಗೆ ಅದೇ ನೆನಪಾಗಲಿಲ್ಲ. ಹಸುವಿನ ಹಿಂಗಾಲು ಊದಿತ್ತು. ಹೊಟ್ಟೆ ಕಣ್ಣಿಗೆ ರಾಚುವಂತಿತ್ತು. ಅವನು ಈಗ ನೋಡಿದ.

"ಎಷ್ಟು ತಿಂಗಳಮ್ಮಾ?"

"ಎಂಟು ತುಂಬ್ತು ಕಣಪ್ಪಾ. ಬಂದೇಟ್ಗೇ ಹೇಳಿದ್ನಲ್ಲ, ಊಂ ಅಂದ್ರಲ್ಲ ಡಾಕ್ಟ್ರೇ!"

ಊತ ಇಳಿಸುವ ಆ ಔಷಧಿ ಬಿದ್ದಿದ್ದರೆ ಗಬ್ಬ ಕಳೆದು ಹಸು ಕಂದು ಹಾಕುತ್ತಿತ್ತು. ತಿಮ್ಮರಾಜು ಸಿರಿಂಜನ್ನು ಚೀಲಕ್ಕೆ ಸೇರಿಸಿ, ಬೇರೆ ಔಷಧಿ ಕೊಟ್ಟು ಹೊರಬಂದ. ಬೈಕಿನ ಕೀಲಿ ತಿರುಗಿಸಿದ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ಎದೆ ಧಸಕ್ಕೆಂದಿತು. ಇತ್ತೀಚೆಗೆ ಯಾವಾಗಲೂ ಹಾಗೇ.

ಮನೆಗೆ ಹೋಗದೆ ಪಕ್ಕದ ಹೋಬಳಿಯ ಪಶು ಆಸ್ಪತ್ರೆಗೆ, ಡಾಕ್ಟರ್ ರಂಜಿತಳ ಬಳಿ ಹೋದ. ನಡೆದದ್ದನ್ನು ಹೇಳಿದ. ಅವಳು ಬೈಯಲಿಲ್ಲ.

"ನಿದ್ದೆ?"

"ಮಲಗ್ತೀನಿ. ಏಳುವಾಗಲೇ ಸುಸ್ತು. ಮೊನ್ನೆ ಹೆರಿಗೆಯಲ್ಲಿ ಅಡ್ಡ ಸಿಕ್ಕಿದ್ದ ಕರು ಎಳೆದು ಬದುಕಿಸಿದೆ ರಂಜಿತಾ, ಏನೂ ಅನ್ನಿಸಲಿಲ್ಲ. ಮನೇಲಿ ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ತಳ್ಳಿದೆ."

"ನನಗೂ ಹೋದ ವರ್ಷ ಹೀಗೇ ಶುರುವಾಗಿತ್ತು. ಸೋಮಾರಿಯಾಗಿಬಿಟ್ಟೆ ಅಂದ್ಕೊಂಡು ಇನ್ನಷ್ಟು ದುಡಿದೆ, ಹಾಸಿಗೆ ಹಿಡಿದೆ. ನೀನು ಬೇಗ ಬಂದಿದ್ದೀಯ."

ವೈದ್ಯರಿಲ್ಲದ ಇನ್ನೊಂದು ಆಸ್ಪತ್ರೆಯೂ ಸೇರಿ ಎರಡರ ಹೊಣೆ ತಿಮ್ಮರಾಜು ಒಬ್ಬನ ಮೇಲೇ ಇತ್ತು; ಅದು ಆಗದೆಂದು ಇಬ್ಬರೂ ಕೂಡಿ ಪಶು ಇಲಾಖೆಯ ತಾಲ್ಲೂಕು ಸಾಹೇಬರ ಬಳಿ ಮಾತಾಡಿದರು. ಹೆಚ್ಚುವರಿ ಆಸ್ಪತ್ರೆ ಬೇರೆಯವರಿಗೆ ಹೋಯಿತು. ಸಂಜೆಯ ಮೇಲಿನ ತುರ್ತು ಕರೆಗಳನ್ನು ಇಬ್ಬರೂ ದಿನ ಬಿಟ್ಟು ದಿನ ಹಂಚಿಕೊಂಡರು.

ಬೆಳಿಗ್ಗೆ ಹಾಲಿನ ಡೈರಿ ಮುಂದೆ ಎಲ್ಲರೂ ಕ್ಯಾನು ಹಿಡಿದು ನಿಂತಿದ್ದಾಗ ತಿಮ್ಮರಾಜು ಹೇಳಿದ: "ಕತ್ತಲಾದ ಮೇಲೆ ಹೆರಿಗೆ ಕಷ್ಟ, ಹೊಟ್ಟೆ ಉಬ್ಬರ, ಇಂಥವಕ್ಕೆ ಮಾತ್ರ ಕರೀರಿ. ನನ್ನ ಸರದಿ ಇಲ್ಲದ ದಿನ ರಂಜಿತ ಮೇಡಂ ಬರ್ತಾರೆ."

ಎಲ್ಲರೂ ಕ್ಯಾನು ಎತ್ತಿಕೊಂಡು ಸಾಲಿನಲ್ಲಿ ಮುಂದೆ ಸರಿದರು. ಕ್ಯಾನುಗಳ ಸದ್ದು ಅವನಿಗೆ ಬೈಗುಳದಂತೆ ಕೇಳಿತು.

ಅಂದು ಸಂಜೆಯೇ ರೈತ ಹೊನ್ನಪ್ಪ ಫೋನು ಮಾಡಿದ. "ಡಾಕ್ಟ್ರೇ, ಎತ್ತಿಗೆ ಉಣ್ಣೆಹುಳ ಜಾಸ್ತಿ ಆಗ್ಬುಟ್ಟದೆ."

ಬರುತ್ತೇನೆ ಎನ್ನಲು ಬಾಯಿ ತೆರೆದಿತ್ತು. ತಿಮ್ಮರಾಜು ಮಾತು ನುಂಗಿಕೊಂಡ. "ಬೆಳಿಗ್ಗೆ ಆಸ್ಪತ್ರೆಗೆ ಹೊಡ್ಕೊಂಡು ಬಾ ಹೊನ್ನಪ್ಪ."

ಬೆಳಿಗ್ಗೆ ಎತ್ತಿನೊಂದಿಗೆ ಬಂದ ಹೊನ್ನಪ್ಪ ನಕ್ಕ. "ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಾಕಿಲ್ಲ ನಾವು, ಬಸವಣ್ಣನ ದಿನ ಅಂತ. ನಿಮ್ಮನ್ನ ಮಾತ್ರ ಏಳು ದಿನವೂ ನೊಗಕ್ಕೆ ಹೂಡ್ಬುಟ್ಟಿದ್ವಿ ಕಣ್ರೀ. ಮೊದ್ಲೇ ಹೇಳ್ಬಾರದಿತ್ತಾ?"

ತಿಮ್ಮರಾಜುವಿಗೆ ನಗು ಬಂತು. ತನ್ನದೇ ನಗು ಕೇಳಿ ಅಚ್ಚರಿಯಾಯಿತು.

ಮುಂದಿನ ತಿಂಗಳು ಮಂಚಮ್ಮನ ಹಸು ಹಟ್ಟಹಗಲಲ್ಲೇ ಈದಿತು. ಒದ್ದೆ ಕರು ಕಾಲೂರಲು ತಡವರಿಸಿ ಬಿದ್ದು ಮತ್ತೆ ಎದ್ದಿತು. ನೋಡುತ್ತಿದ್ದ ತಿಮ್ಮರಾಜುವಿನ ಕಣ್ಣು ತುಂಬಿತು. ಮಂಚಮ್ಮ ಗಿಣ್ಣುಹಾಲು ಕೊಟ್ಟು ಕಳಿಸಿದಳು.

ಆ ದಿನ ಸಿರಿಂಜಿನಲ್ಲಿ ಏನಿತ್ತೆಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.