ಪರಿಚಯ ಪುಟದಿಂದ ಹೊಡೆದುಹಾಕಿದ ಸಾಲು

ಅನ್ನನಾಳ ಕೂಡಿಕೊಳ್ಳದೆ ಹುಟ್ಟಿದ ಹಸುಗೂಸೊಂದರ ಎದೆ ತೆರೆದು, ಮೇಲಿನ ಮುಚ್ಚಿದ ತುದಿಯನ್ನೂ ಶ್ವಾಸನಾಳಕ್ಕೆ ಅಂಟಿಕೊಂಡಿದ್ದ ಕೆಳಗಿನ ತುದಿಯನ್ನೂ ಬಿಡಿಸಿ ನಾನು ಒಂದಾಗಿ ಹೊಲಿದದ್ದು, ಈ ಆಸ್ಪತ್ರೆಯಲ್ಲಿ ಶಿಶುಗಳಿಗೆ ಉಸಿರಾಟದ ಯಂತ್ರವೇ ಇಲ್ಲದಿದ್ದ ಕಾಲದಲ್ಲಿ. ವಿದ್ಯಾರ್ಥಿಗಳು ಸರದಿಯಲ್ಲಿ ನಿಂತು ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ಕೊಟ್ಟರು. ಹೊಲಿಗೆ ಸೋರುತ್ತಿಲ್ಲವೆಂದು ಎಕ್ಸರೇ ಹೇಳಿದ ಮೇಲೆ ಮೊದಲ ಗುಟುಕು ಹಾಲು ಹೊಟ್ಟೆಗಿಳಿಯಿತು. ಅದಕ್ಕೆ ಮುಂಚೆ ಉಳಿಯದೆ ಕೈಜಾರಿದ ಕೂಸುಗಳನ್ನು ನೆನೆಯುವವನು ನಾನೊಬ್ಬನೇ.

ಮೊನ್ನೆ ಪ್ರಚಾರಾಧಿಕಾರಿ ಆಸ್ಪತ್ರೆಯ ಜಾಲತಾಣಕ್ಕೆಂದು ನನ್ನ ಪರಿಚಯದ ಕರಡು ತಂದ. ನಮ್ಮ ವಿಭಾಗದ ಕಿರಿಯ ಸರ್ಜನ್, ಅಂದರೆ ನನ್ನ ಸೊಸೆ, ಪಕ್ಕದಲ್ಲಿದ್ದಳು. ‘ಅಪ್ರತಿಮ’ ಎಂಬುದನ್ನು ಹೊಡೆದೆ. ಯಶಸ್ಸಿನ ಶೇಕಡಾವಾರು ಹೋಯಿತು. ಗುಣವಾದ ಮಗುವಿನ ಚಿತ್ರವೂ, ತಾಯಿಯ ಹೊಗಳಿಕೆಯೂ ಹೋದವು.

“ಸರ್, ಹೀಗೇ ಹೊಡೀತಾ ಹೋದ್ರೆ ಕೊನೆಗೆ ನಿಮ್ಮ ಹೆಸರೂ ಊಟದ ವೇಳೆನೂ ಮಾತ್ರ ಉಳಿಯುತ್ತೆ,” ಎಂದ ಅಧಿಕಾರಿ.

“ನೋಂದಣಿ ಸಂಖ್ಯೆನೂ ಇರುತ್ತಪ್ಪ. ವೈದ್ಯ ತನ್ನ ಪದವಿ, ಪರಿಣತಿ, ಮಾಡೋ ಕೆಲಸ ಹೇಳ್ಬಹುದು. ಅಂಗಡಿ ಮಾಲಿನ ಹಾಗೆ ಕೂಗೋಹಾಗಿಲ್ಲ.”

ಅವನು ನಕ್ಕ. ನನ್ನ ಲೇಖನಿ ‘ಮಾಡುವ ಶಸ್ತ್ರಚಿಕಿತ್ಸೆಗಳು’ ಎಂಬಲ್ಲಿಗೆ ಬಂದು ನಿಂತಿತು. ಹಳೆಯ ಪರಿಚಯದಿಂದ ಹಾಗೆಯೇ ಎತ್ತಿದ್ದರು: ಮೊದಲನೆಯದು ಹಸುಗೂಸಿನ ಅನ್ನನಾಳದ ಜೋಡಣೆ. ಕೈ ನಡುಗತೊಡಗಿದ ಮೇಲೆ ನಾನು ಅದನ್ನು ಮುಟ್ಟಿರಲಿಲ್ಲ. ಸೊಸೆ ನನ್ನೆದುರು ನಿಂತು ಸಹಾಯ ಮಾಡಿದ್ದಳೇ ಹೊರತು ಒಬ್ಬಳೇ ಮಾಡಿರಲಿಲ್ಲ.

“ಅದೊಂದು ಇರಲಿ ಸರ್,” ಎಂದಳು. ಆಸ್ಪತ್ರೆಯಲ್ಲಿ ನಾನು ಅವಳಿಗೆ ಸರ್. “ಅದನ್ನ ಓದಿಯೇ ಬೇರೆ ಡಾಕ್ಟರು ಇಂಥ ಕೂಸುಗಳನ್ನ ಇಲ್ಲಿಗೆ ಕಳಿಸೋದು. ಅವು ಬರದಿದ್ರೆ ನಾನು ಕಲಿಯೋದು ಯಾವಾಗ?”

“ಬಂದ ಕೂಸನ್ನ ಯಾರ ಕೈಗೆ ಕೊಡ್ತೀಯ? ನನ್ನ ಕೈಗಾ?”

ನಾನು ಆ ಸಾಲನ್ನು ಹೊಡೆದೆ. ಗೆರೆ ಸೊಟ್ಟಗಾಯಿತು.

ಅಧಿಕಾರಿ ಹಾಳೆ ಎತ್ತಿಕೊಂಡ. “ಬೋಧನೆ ಅನ್ನೋ ಕಡೆ ನವಜಾತ ಶಸ್ತ್ರಚಿಕಿತ್ಸೆ ಅಂತಿದೆ. ಅದೂ ತೆಗೀಲಾ?”

ಕಲಿಸುವವನಿದ್ದಾನೆ, ಕೂಸಿಲ್ಲ, ಕೈಯಿಲ್ಲ. ಬೋಧನೆಯ ಆ ಸಾಲೂ ಸುಳ್ಳೇ. “ತೆಗಿ,” ಎಂದೆ.

“ಬೇಡ,” ಎಂದಳು ಸೊಸೆ. ಅವನು ಇಬ್ಬರ ಮುಖವನ್ನೂ ನೋಡಿ, ನಾಳೆ ಬರುತ್ತೇನೆಂದು ಜಾರಿಕೊಂಡ.

ಬಾಗಿಲು ಮುಚ್ಚಿತು. ನಾನು ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡೆ. ಈ ವಿದ್ಯೆ ಈ ಕಟ್ಟಡದಲ್ಲಿ ನನ್ನೊಂದಿಗೇ ಮುಗಿಯುವುದೆಂಬುದು ಇಬ್ಬರಿಗೂ ಗೊತ್ತಿತ್ತು.

“ಬರೀ ಬಾಯಲ್ಲಿ ಹೇಳಿದ್ರೆ ಕೈಗೆ ಹತ್ತುತ್ತೇನಮ್ಮ?”

“ಹತ್ತಲ್ಲ ಮಾವ.” ಆಸ್ಪತ್ರೆಯೊಳಗೆ ಅವಳು ಹಾಗೆ ಕರೆದದ್ದು ಅದೇ ಮೊದಲು. ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. “ಆದ್ರೂ ಇನ್ನೊಂದ್ಸಲ ಹೇಳಿ. ಕೈಯಿಂದ ಉಸಿರು ಕೊಟ್ಟು ಉಳಿಸಿದ್ರಲ್ಲ, ಆ ಕೂಸಿನ ಎದೆ ತೆರೆದಾಗ ಮೊದಲು ಏನು ಕಾಣಿಸ್ತು?”