ಬರೆದು ಕೊಡಬಹುದೇ, ಮದಾಮ್?

ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಾ ಅವಳು, ಪ್ರೊಫೆಸರಮ್ಮನಿಗೆ ಫ್ರೆಂಚಿನಲ್ಲಿ ಬರೆದಿಟ್ಟ ಈಮೇಲನ್ನು ಫೋನಿನಲ್ಲಿ ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಒಂದು ಸೆಮಿಸ್ಟರಿಗೆಂದು ಫ್ರೆಂಚ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ವಿನಿಮಯ ವಿದ್ಯಾರ್ಥಿನಿ ಅವಳು. ಆ ಪ್ರೊಫೆಸರಮ್ಮನ ಕೋರ್ಸಿನಲ್ಲಿ ಅರ್ಧದಷ್ಟು ಅಂಕ ತರಗತಿಯ ಮುಂದೆ ನಿಂತು ವಿಷಯ ಮಂಡಿಸುವುದಕ್ಕೆ. ಫೇಲಾದರೆ ಊರಿನ ಕಾಲೇಜು ಕ್ರೆಡಿಟ್ ಕೊಡುವುದಿಲ್ಲ.

"ಕೊನೇಲಿ, 'ನನ್ನ ಗೌರವಪೂರ್ವಕ ವಂದನೆಗಳನ್ನು ಸ್ವೀಕರಿಸಬೇಕಾಗಿ ಪ್ರಾರ್ಥಿಸುತ್ತೇನೆ' ಅಂತ ಹಾಕಿದೀನಿ."

"ಅಬ್ಬಬ್ಬಾ, ನಮ್ಮತ್ತೆಗೂ ನಾನಿಷ್ಟು ಬಗ್ಗಿಲ್ಲ ಕಣೇ! ಮಾತಾಡೋ ಬದಲು ಬರೆದು ಕೊಡಬಹುದಾ ಅಂತ ಕೇಳಿದೀಯ ತಾನೆ? ಹೊರಗಿನಿಂದ ಬಂದೋರಿಗೆ ಒಪ್ಕೊಂಡ್ರೂ ಒಪ್ಕೋಬಹುದು."

"ಕೇಳಿದೀನಿ."

"ಸರಿ, ಕಳಿಸು ಮತ್ತೆ. ತಡ ಮಾಡಬೇಡ."

ಫೋನಿಟ್ಟು ಕೈ ಒರೆಸಿಕೊಂಡಳು. ಹೋದ ವಾರ ತರಗತಿಯಲ್ಲಿ ತನ್ನ ಪರಿಚಯ ಹೇಳಲು ಎದ್ದು ನಿಂತಾಗ ಎರಡನೇ ವಾಕ್ಯಕ್ಕೇ ಫ್ರೆಂಚ್ ಪದ ಸಿಗದೆ ತಡವರಿಸಿದ್ದಳು. ಯಾರೂ ನಕ್ಕಿರಲಿಲ್ಲ, ಕಾಯಿಲೆಯವಳ ಮುಂದೆ ಕೂತವರಂತೆ ಎಲ್ಲರೂ ಸುಮ್ಮನೆ ಕಾದಿದ್ದರು. ನಗುವಿಗಿಂತ ಆ ಸಹನೆಯೇ ಅವಳನ್ನು ಹೆಚ್ಚು ಚುಚ್ಚಿತ್ತು. ಪ್ರೊಫೆಸರಮ್ಮ ಒಪ್ಪಿಬಿಟ್ಟರೆ ಆ ಮೌನ ಸೆಮಿಸ್ಟರಿಡೀ ತನ್ನ ಜೊತೆಗೇ ಇರುತ್ತದೆ.

ಬರೆದು ಕೊಡುವ ಸಾಲನ್ನು ಅಳಿಸಿದಳು. ಎಲ್ಲರಿಗಿಂತ ಮೊದಲು ತಾನೇ ಮಂಡಿಸಬಹುದೇ ಎಂದು ಆ ಜಾಗದಲ್ಲಿ ಕೇಳಿದಳು. ಈಮೇಲ್ ಕಳಿಸಿಬಿಟ್ಟಳು.

ಅಕ್ಕನಿಗೆ, "ಕಳಿಸಿದೆ" ಎಂದಷ್ಟೇ ಮೆಸೇಜು ಹಾಕಿದಳು.